ಏಳೆಂಟ್ಲ ಎಷ್ಟು? – ತಮ್ಮನಿಗೊಂದು ಪತ್ರ

(ಬೋಧನಾಭ್ಯಾಸದ ಮೂರನೆಯ ವಾರದಲ್ಲಿ ಹಾಸ್ಟೆಲ್‌ನಿಂದ ಪುಟ್ಟೇನಹಳ್ಳಿಯ ಮನೆಗೆ ಬರೆದ ಪತ್ರ. ಪಾಠ ಅವಲೋಕನದ ಟಿಪ್ಪಣಿಗಿಂತ ಇದರಲ್ಲೇ ನಾನು ಕಲಿತದ್ದು ಹೆಚ್ಚು ಕಾಣುತ್ತದೆ ಎನ್ನಿಸಿ ಇಲ್ಲಿ ಕೊಡುತ್ತಿದ್ದೇನೆ.)

ಪ್ರೀತಿಯ ಪುಟ್ಟ,

ಅಮ್ಮ ಫೋನಿನಲ್ಲಿ ಹೇಳಿದರು, ಏಳರ ಮಗ್ಗಿ ಬರಲಿಲ್ಲವೆಂದು ನಿನ್ನನ್ನು ಮತ್ತೆ ನಿಲ್ಲಿಸಿದ್ದರಂತೆ, ನೀನು ಊಟ ಬಿಟ್ಟು ಕೆರೆ ಏರಿಯ ಕಡೆ ಹೋಗಿ ಕೂತಿದ್ದೆಯಂತೆ. ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಿನ್ನ ಮೇಷ್ಟ್ರಲ್ಲ, ನಾನೇ. ಎರಡು ವರ್ಷದ ಹಿಂದೆ ದೀಪ ಹಚ್ಚುವ ಹೊತ್ತಿಗೆ ನಿನ್ನನ್ನು ಕೂರಿಸಿಕೊಂಡು, ಕೈಯಲ್ಲಿ ಸ್ಕೇಲು ಹಿಡಿದು, ತಪ್ಪಿದಾಗಲೆಲ್ಲ ಬೆರಳಿನ ಗೆಣ್ಣಿಗೆ ಕೊಡುತ್ತಿದ್ದೆ. ‘ದಡ್ಡ’ ಅಂತಲೂ ಅಂದಿದ್ದೆ. ಆ ಮಾತು ತಪ್ಪು ಎಂದು ನನಗೆ ಗೊತ್ತಾದದ್ದು ಈ ವಾರ.

ಇಲ್ಲಿ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಏಳರ ಮಗ್ಗಿ ಹೇಳು ಎಂದರೆ ಏಳೊಂದ್ಲ ಏಳರಿಂದ ಏಳ್ಹತ್ಲ ಎಪ್ಪತ್ತರವರೆಗೆ ಉಸಿರು ಬಿಡದೆ ಹೇಳುತ್ತಾಳೆ. ನಾನು ‘ಏಳೆಂಟ್ಲ?’ ಎಂದು ಕೇಳಿದೆ. ತುಟಿ ಅಲುಗಾಡಿಸುತ್ತಾ ಮತ್ತೆ ಮೊದಲಿನಿಂದ ಶುರು ಮಾಡಿದಳು. ನಡುವೆ ಯಾರೋ ಬಾಗಿಲು ತಟ್ಟಿದರು, ಎಣಿಕೆ ತಪ್ಪಿತು, ‘ಐವತ್ತನಾಲ್ಕು’ ಎಂದುಬಿಟ್ಟಳು. ‘ಎಂಟೇಳ್ಲ?’ ಎಂದರೆ ಅದು ಬೇರೆಯೇ ಪ್ರಶ್ನೆ ಎನ್ನುವಂತೆ ನೋಡಿದಳು. ಅವಳಿಗೆ ಮಗ್ಗಿ ಒಂದು ಹಾಡಾಗಿತ್ತು. ಹಾಡಿನ ನಡುವಿನ ಸಾಲನ್ನು ತಟ್ಟನೆ ಹೇಳು ಎಂದರೆ ನಮಗೂ ಮೊದಲಿನಿಂದ ಹಾಡಿಕೊಂಡೇ ಬರಬೇಕಲ್ಲ. ನಿನಗೂ ಆಗುತ್ತಿದ್ದದ್ದು ಅದೇ.

ಈಗ ಒಂದು ಕೆಲಸ ಮಾಡು. ಬೆಳಿಗ್ಗೆ ಅಮ್ಮ ಅಂಗಳ ಸಾರಿಸಿದ ಮೇಲೆ ರಂಗೋಲಿ ಡಬ್ಬಿ ತೆಗೆದುಕೋ. ಒಂದು ಸಾಲಿಗೆ ಏಳು ಚುಕ್ಕಿಯಂತೆ ಎಂಟು ಸಾಲು ಇಡು. ಅದೇ ಏಳೆಂಟ್ಲ. ಈಗ ಪಕ್ಕದ ಗೋಡೆಯ ಕಡೆ ಹೋಗಿ ನಿಂತು ನೋಡು: ಒಂದು ಸಾಲಿಗೆ ಎಂಟು ಚುಕ್ಕಿ, ಏಳು ಸಾಲು. ಚುಕ್ಕಿ ಒಂದೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಎಂಟೇಳ್ಲ ಬೇರೆ ಪಾಠವಲ್ಲ ಎಂಬುದಕ್ಕೆ ಇಷ್ಟು ಸಾಕು.

ಮತ್ತೆ ಮೊದಲಿದ್ದ ಜಾಗಕ್ಕೆ ಬಾ. ಐದನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆ. ಗೆರೆಯ ಮೇಲೆ ಏಳೈದ್ಲ ಮೂವತ್ತೈದು, ಅದು ನಿನಗೆ ಗೊತ್ತು. ಕೆಳಗೆ ಏಳ್ಮೂರ್ಲ ಇಪ್ಪತ್ತೊಂದು. ಎರಡೂ ಸೇರಿದರೆ ಐವತ್ತಾರು. ನಂಬಿಕೆ ಬರದಿದ್ದರೆ ಇನ್ನೊಂದು ದಾರಿಯಲ್ಲಿ ಬಾ: ಎರಡು ಸಾಲಿಗೆ 14, ಅದರ ಎರಡರಷ್ಟು ನಾಲ್ಕು ಸಾಲಿಗೆ 28, ಅದರ ಎರಡರಷ್ಟು ಎಂಟು ಸಾಲಿಗೆ 56. ಎರಡು ದಾರಿಯೂ ಒಂದೇ ಊರಿಗೆ ಬಂದರೆ ಉತ್ತರ ಸರಿ ಎಂದು ಹೇಳಲು ಮೇಷ್ಟ್ರು ಬೇಕಾಗಿಲ್ಲ.

ಆ ಹುಡುಗಿಗೂ ತರಗತಿಯವರಿಗೂ ನಾನು ಹತ್ತು ಅಡ್ಡ, ಹತ್ತು ಉದ್ದದ ಚೌಕಳಿ ಹಾಳೆ ಕೊಟ್ಟೆ. ಒಟ್ಟು ನೂರು ಮನೆ. ‘ಗೊತ್ತಿರುವುದನ್ನೆಲ್ಲ ಹೊಡೆದುಹಾಕಿ’ ಎಂದೆ. ತಿರುಗಿಸಿ ಕೇಳುವುದು ಒಂದೇ ಎಂದು ಒಪ್ಪಿದಾಗ ನೂರು ಇದ್ದದ್ದು 55ಕ್ಕೆ ಇಳಿಯಿತು. ಒಂದು ಮತ್ತು ಹತ್ತರವು ಹೋದಾಗ 36. ಎರಡು, ಐದರವು ಹೋದಾಗ 21. ನಾಲ್ಕೆಂದರೆ ಎರಡರ ಮಗ್ಗಿಯ ಎರಡರಷ್ಟು, ಆಗ 15. ಒಂಬತ್ತೆಂದರೆ ಹತ್ತರಷ್ಟರಲ್ಲಿ ಒಂದು ಪಾಲು ಕಡಿಮೆ, ಆಗ 10. ಮೂರೆಂದರೆ ಎರಡರಷ್ಟಕ್ಕೆ ಇನ್ನೊಂದು ಪಾಲು, ಆಗ 6. ಮೂರರ ಎರಡರಷ್ಟು ಆರು, ನಾಲ್ಕರ ಎರಡರಷ್ಟು ಎಂಟು. ಕೊನೆಗೆ ಉಳಿದದ್ದು ಒಂದೇ ಮನೆ, ಏಳೇಳ್ಲ. ಅದನ್ನೂ ಮೂವತ್ತೈದಕ್ಕೆ ಹದಿನಾಲ್ಕು ಕೂಡಿಸಿ ನಲವತ್ತೊಂಬತ್ತು ಎಂದು ಅವರೇ ಹೇಳಿದರು. ಈ ಹೊಡೆದುಹಾಕುವ ಕೆಲಸಕ್ಕೆ ಎರಡು ಅವಧಿ ಹಿಡಿಯಿತು. ಒಂದೇ ಅವಧಿಯಲ್ಲಿ ಮುಗಿಸುತ್ತೇನೆಂದು ಪಾಠಯೋಜನೆಯಲ್ಲಿ ಬರೆದಿದ್ದೆ.

ನಾನು ಎಡವಿದ್ದನ್ನೂ ಹೇಳುತ್ತೇನೆ. ಒಂಬತ್ತರ ಮಗ್ಗಿಯಲ್ಲಿ ಉತ್ತರದ ಎರಡು ಅಂಕಿ ಕೂಡಿದರೆ ಒಂಬತ್ತೇ ಬರುತ್ತದೆ ಎಂದು ಬೋರ್ಡಿನಲ್ಲಿ ತೋರಿಸಿ ಬೀಗಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಒಬ್ಬ ಹುಡುಗ ಒಂಬತ್ತೇಳ್ಲ 54 ಎಂದು ಬರೆದ. ‘ಐದು ನಾಲ್ಕು ಕೂಡಿದರೆ ಒಂಬತ್ತು ಅಲ್ವಾ ಮಿಸ್’ ಎಂದ. ಅವನು ಹೇಳಿದ್ದು ನಾನು ಕಲಿಸಿದ್ದನ್ನೇ. ಆ ವಿನ್ಯಾಸ ಉತ್ತರ ಒಂಬತ್ತರ ಮಗ್ಗಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ಯಾವ ಮನೆಯಲ್ಲಿದೆ ಎಂದು ಹೇಳುವುದಿಲ್ಲ. ಹತ್ತೇಳ್ಲ ಎಪ್ಪತ್ತು, ಅದರಲ್ಲಿ ಒಂದು ಏಳು ಕಳೆದರೆ ಅರವತ್ತಮೂರು ಎಂದು ಕಾರಣ ಸಮೇತ ಹೇಳಿಕೊಟ್ಟ ಮೇಲೆ ಅವನೇ ಮುಂದೆ ಹೋಗಿ, 120ರಲ್ಲಿ 12 ಕಳೆದು ಒಂಬತ್ತು ಹನ್ನೆರಡ್ಲ 108 ಎಂದ. ಕಾರಣ ಗೊತ್ತಿರುವ ವಿನ್ಯಾಸ ಹತ್ತರಾಚೆಗೂ ನಡೆಯುತ್ತದೆ. ಬರೀ ಕಣ್ಣಿಗೆ ಕಂಡದ್ದು ಅಲ್ಲೇ ನಿಲ್ಲುತ್ತದೆ.

ಹಾಗೆಂದು ಬಾಯಿಪಾಠವೇ ಬೇಡ ಎಂದು ಹಾರಾಡಬೇಡ. ನಾಳೆ 392ನ್ನು ಏಳರಿಂದ ಭಾಗಿಸುವಾಗ ಪ್ರತಿ ಹೆಜ್ಜೆಗೂ ಚುಕ್ಕಿ ಇಡುತ್ತಾ ಕೂತರೆ ಎಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಕೊನೆಗೆ ಉತ್ತರ ತಟ್ಟನೆ ನಾಲಿಗೆಗೆ ಬರಲೇಬೇಕು. ಆದರೆ ಅದು ದಾರಿ ಗೊತ್ತಾದ ಮೇಲೆ ಬರಬೇಕು. ದಿನಕ್ಕೆ ಐದು ನಿಮಿಷ ಅಮ್ಮನ ಹತ್ತಿರ ಕೇಳಿಸಿಕೋ. ಸಾಲಾಗಿ ಬೇಡ, ಅಲ್ಲೊಂದು ಇಲ್ಲೊಂದು: ಆರೆಂಟ್ಲ, ಏಳ್ನಾಕ್ಲ, ಎಂಟೊಂಬತ್ಲ. ಮರೆತರೆ ಮೊದಲಿನಿಂದ ಹೇಳಬೇಡ, ಹತ್ತಿರ ಗೊತ್ತಿರುವ ಉತ್ತರದಿಂದ ಒಂದು ಹೆಜ್ಜೆ ಇಟ್ಟು ಬಾ.

ಇನ್ನೊಂದು ಸಂಗತಿ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ಗುಣಿಸಿದಾಗ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ, ಕೊರಳ ಹಾರದಂಥ ಉತ್ತರ ಬರುವ ಲೆಕ್ಕಗಳನ್ನು ಅದರಲ್ಲಿ ಕೊಟ್ಟಿದ್ದಾನೆ. ಅಂಥ ಒಂದು ಲೆಕ್ಕ 139ನ್ನು 109ರಿಂದ ಗುಣಿಸುವುದು. ನೀನು ಮಾಡಬಲ್ಲೆ. 139ರ ನೂರರಷ್ಟು 13900. ಒಂಬತ್ತರಷ್ಟು ಬೇಕೆಂದರೆ 1390ರಲ್ಲಿ 139 ಕಳೆ, 1251. ಎರಡನ್ನೂ ಕೂಡಿಸಿ ನೋಡು. ಹಾರ ಬಂತೋ ಇಲ್ಲವೋ ನನಗೆ ಬರೆದು ತಿಳಿಸು.

ಮುಂದಿನ ಭಾನುವಾರ ಬರುತ್ತೇನೆ. ಆ ಸ್ಕೇಲು ಇನ್ನೂ ಕಪಾಟಿನ ಮೇಲೆಯೇ ಇದ್ದರೆ ತೆಗೆದಿಟ್ಟಿರು. ಚೌಕಳಿ ಹಾಳೆಗೆ ಗೆರೆ ಎಳೆಯಲು ಬೇಕಾಗುತ್ತದೆ. ನೀನು ಎಳಿ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ.

ಇಂತಿ ನಿನ್ನ
ಅಕ್ಕ