ಬಿಳಿ ಟೋಪಿ, ಪ್ಲಕಾಟ್ ಮತ್ತು ಎರಡು ಕನ್ನಡ ಪದ



ನಿಮ್ಮ ಮನೆಯಲ್ಲಿ ಯಿಮ್ನಾಸಿಯೆಟ್ ಮೂರನೇ ವರ್ಷದಲ್ಲಿ ಓದುತ್ತಿರುವ ಮಗನೋ ಮಗಳೋ ಇದ್ದರೆ ಈ ಬರಹ ನಿಮಗೇ. ಬರುವ ಜೂನ್‌ನಲ್ಲಿ ನಿಮ್ಮ ಮನೆಗೂ ಸ್ಟುಡೆಂಟೆನ್ ಬರುತ್ತದೆ. ಆಗ ಮಗು ನಿಮ್ಮನ್ನು ಒಂದು ಸಣ್ಣ ಪ್ರಶ್ನೆ ಕೇಳಬಹುದು: "ಅಪ್ಪಾ, ನನ್ನ ಫೋಟೋ ಕೆಳಗೆ ಏನು ಬರೆಸೋಣ?" ಕೇಳೋಕೆ ಸುಲಭ. ನಮ್ಮ ಮನೆಯಲ್ಲಿ ಇದಕ್ಕೆ ಮೂರು ವಾರ ಹಿಡಿಯಿತು.

ಮೊದಲು ಈ ಹಬ್ಬ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಕ್ಕಳು ಯಾಕೆ ಹಾಗೆ ಕಿರುಚುತ್ತಾ ಓಡಿ ಬರುತ್ತಾರೆ ಅಂತ ಅರ್ಥ ಆಗುವುದಿಲ್ಲ. ಹಿಂದೆ ಇಲ್ಲಿ ಸ್ಟುಡೆಂಟ್‌ಎಕ್ಸಾಮೆನ್ ಅಂತ ದೊಡ್ಡ ಪರೀಕ್ಷೆ ಇತ್ತು. ಕೊನೆಯ ದಿನ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಬಾಯಿಮಾತಿನ ಪರೀಕ್ಷೆ. ಅಪ್ಪ, ಅಮ್ಮ, ನೆಂಟರು ಶಾಲೆಯ ಅಂಗಳದಲ್ಲಿ ಕಾಯುತ್ತಾ ನಿಂತಿರುತ್ತಿದ್ದರು. ಪಾಸಾದವರು ಬಿಳಿ ಟೋಪಿ ಹಾಕಿಕೊಂಡು ಮುಂಬಾಗಿಲಿಂದ ಓಡಿ ಬರುತ್ತಿದ್ದರು. ಫೇಲಾದವರನ್ನು ಹಿಂಬಾಗಿಲಿಂದ ಕಳಿಸುತ್ತಿದ್ದರು ಅಂತ ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ಆ ಪರೀಕ್ಷೆ 1968ಕ್ಕೆ ಮುಗಿಯಿತು. ಈಗ ಅಂಕ ಕೊಡುವವರು ಶಾಲೆಯ ಮೇಷ್ಟ್ರುಗಳೇ, ಆ ದಿನದ ಹೊತ್ತಿಗೆ ಎಲ್ಲಾ ನಿರ್ಧಾರ ಆಗಿರುತ್ತದೆ. ಪರೀಕ್ಷೆ ಹೋಯಿತು, ಓಟ ಮಾತ್ರ ಉಳಿಯಿತು. ಇದಕ್ಕೇ ಊತ್‌ಸ್ಪ್ರಿಂಗ್ ಅನ್ನುತ್ತಾರೆ, ಅಂದರೆ ಹೊರಗೆ ಓಡಿ ಬರುವುದು. ಈಗ ಎಲ್ಲರೂ ಮುಂಬಾಗಿಲಿಂದಲೇ ಬರುತ್ತಾರೆ.

ನಮ್ಮ ಕಡೆ ಕ್ರಮ ಉಲ್ಟಾ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಸೆಂಡ್ ಆಫ್ ಆಗುತ್ತಿದ್ದದ್ದು ಪರೀಕ್ಷೆಗೆ ಮುಂಚೆ. ಭಾಷಣ, ಖಾರಾ ಬೂಂದಿ, ಬಾಳೆಹಣ್ಣು, ಆಮೇಲೆ ಗ್ರೂಪ್ ಫೋಟೋ. ಆ ಫೋಟೋದ ಕೆಳಗೆ ರಟ್ಟಿನ ಮೇಲೆ ಒಂದು ಬರಹ ಇರುತ್ತಿತ್ತು: "ಕುಳಿತವರು, ಎಡದಿಂದ ಬಲಕ್ಕೆ", "ನಿಂತವರು, ಮೊದಲನೇ ಸಾಲು". ಅಷ್ಟೇ, ಬರೀ ಹೆಸರು. ಖುಷಿ, ಬೇಸರ ಎಲ್ಲಾ ಆಟೋಗ್ರಾಫ್ ಪುಸ್ತಕಕ್ಕೆ ಹೋಗುತ್ತಿತ್ತು. ಪಾಸೋ ಫೇಲೋ ಗೊತ್ತಿಲ್ಲದ ಕಾರಣ ಆ ದಿನ ಅಳು ಜಾಸ್ತಿ, ಕುಣಿತ ಕಡಿಮೆ.

ಇಲ್ಲಿ ಬರೆಯುವುದಕ್ಕೆ ಮೂರು ಜಾಗ ಇದೆ. ಒಂದು, ಟೋಪಿ. ಇದರ ಕಪ್ಪು ಪಟ್ಟಿಯ ಮೇಲೆ ಹೆಸರು, ಶಾಲೆ, ಬೇಕಾದರೆ ಇನ್ನೊಂದೆರಡು ಪದ ಕಸೂತಿ ಹಾಕಿಸುತ್ತಾರೆ. ಆರ್ಡರ್ ತಿಂಗಳುಗಳ ಮೊದಲೇ ಕೊಡಬೇಕು. ಎರಡು, ಪ್ಲಕಾಟ್. ಮಗುವಿನ ಚಿಕ್ಕಂದಿನ ಫೋಟೋ ದೊಡ್ಡದು ಮಾಡಿಸಿ, ಹೆಸರು ಮತ್ತು ಕ್ಲಾಸು ಹಾಕಿಸಿ, ಕೋಲಿಗೆ ಕಟ್ಟಿ ಮನೆಯವರು ಎತ್ತಿ ಹಿಡಿಯುವ ಬೋರ್ಡು. ನೂರಾರು ಜನರ ಮಧ್ಯೆ ಮಗು ತನ್ನ ಮನೆಯವರನ್ನು ಹುಡುಕುವುದು ಇದನ್ನು ನೋಡಿಯೇ. ಮೂರು, ಫ್ಲಾಕ್, ಅಂದರೆ ಬರ್ಚ್ ಮರದ ಕೊಂಬೆ ಕಟ್ಟಿದ ಲಾರಿ. ಅದರ ಪಕ್ಕಕ್ಕೆ ಬೆಡ್‌ಶೀಟ್ ಮೇಲೆ ಇಡೀ ಕ್ಲಾಸು ಸೇರಿ ಏನಾದರೂ ಪ್ರಾಸ ಬರೆಯುತ್ತದೆ. ಅದನ್ನು ಅಪ್ಪ ಅಮ್ಮ ಓದದೇ ಇರುವುದು ಒಳ್ಳೆಯದು.

ಲಾರಿಯ ಮೇಲೆ ಬರೀ ಮಜಾ. ಟೋಪಿಯ ಮೇಲೆ ಬರೀ ಹೆಸರು. ಎರಡೂ ಭಾವ ಹೊರಬೇಕಾದ್ದು ಪ್ಲಕಾಟ್ ಒಂದೇ, ಯಾಕೆಂದರೆ ಅದರಲ್ಲಿ ನಾಲ್ಕೈದು ವರ್ಷದ ಮಗು ಇರುತ್ತದೆ, ಅದರ ಮುಂದೆ ಹತ್ತೊಂಬತ್ತರ ಹುಡುಗಿ ಬಂದು ನಿಲ್ಲುತ್ತಾಳೆ. ಮಗಳು ಆರಿಸಿದ ಫೋಟೋ ಹಾಸನದ್ದು. ಯು.ಕೆ.ಜಿ. ಮೊದಲ ದಿನ, ಅಜ್ಜಿ ಮನೆ ಜಗಲಿ ಮೇಲೆ ವಾಟರ್ ಬಾಟಲ್ ನೇತುಹಾಕಿಕೊಂಡು ಅಳುಮುಖ ಮಾಡಿಕೊಂಡು ನಿಂತಿದ್ದಾಳೆ.

ಅವಳ ಮೊದಲ ಸಾಲು ಸ್ವೀಡಿಷ್‌ನಲ್ಲಿ, "ಎಂಟ್ಲಿಗೆನ್". ಅಂದರೆ "ಅಂತೂ ಇಂತೂ ಮುಗೀತು". ಎರಡು ದಿನ ಆದ ಮೇಲೆ ಅವಳೇ ಹೊಡೆದು ಹಾಕಿದಳು. "ಇದರಲ್ಲಿ ಬರೀ ಖುಷಿ ಇದೆ ಅಪ್ಪಾ, ಸುಳ್ಳು ಅನ್ಸುತ್ತೆ" ಅಂದಳು. ಆಮೇಲೆ "ವೇಮೂದ್" ಅಂತ ಇನ್ನೊಂದು ಪದ ತಂದಳು. ಸಿಹಿಯಾದ ಬೇಸರ ಅಂತ ಅರ್ಥ, ಇದಕ್ಕೆ ನಮ್ಮಲ್ಲಿ ಒಂದೇ ಪದ ನನಗೆ ಹೊಳೆಯಲಿಲ್ಲ. ಆದರೆ ಅದನ್ನು ಫೋಟೋ ಕೆಳಗೆ ಹಾಕಿದರೆ ಅಳುವ ಮಗುವಿನ ಫೋಟೋಗೆ "ಅಳು" ಅಂತ ಬರೆದ ಹಾಗೆ. ಅದೂ ಬೇಡ ಆಯಿತು.

ನಾನು ಲೆಕ್ಕದ ಮನುಷ್ಯ, ನನಗೆ ಬರುವುದನ್ನೇ ಹೇಳಿದೆ. ಬಿ.ಕಾಂ. ಮೊದಲ ವರ್ಷದಲ್ಲಿ ಜರ್ನಲ್ ಎಂಟ್ರಿ ಕಲಿಸುವಾಗ ಡೆಬಿಟ್, ಕ್ರೆಡಿಟ್ ಬರೆದ ಮೇಲೆ ಕೆಳಗೆ ಒಂದು ಸಾಲು ನರೇಶನ್ ಬರೆಸುತ್ತಾರೆ. ಯಾಕೆ ಬಂತು, ಯಾಕೆ ಹೋಯಿತು ಅಂತ ಒಂದೇ ಸಾಲು. ಎರಡೂ ಕಡೆ ಸೇರಿ ಒಂದು ವ್ಯವಹಾರ ಅಂತ ಆ ಸಾಲಿನಿಂದ ಗೊತ್ತಾಗಬೇಕು. ಬರೀ ಬಂದದ್ದನ್ನು ಬರೆದರೆ ನರೇಶನ್ ಅಲ್ಲ, ಬರೀ ಹೋದದ್ದನ್ನು ಬರೆದರೂ ಅಲ್ಲ. ಮಗಳಿಗೆ ಇದು ಹಿಡಿಸಿತು. "ಹಾಗಾದ್ರೆ ಈ ಕಡೆ ಏನು, ಆ ಕಡೆ ಏನು, ಬರಿಯೋಣ" ಅಂತ ಕಾಗದ ತಂದಳು.

ಬರುವ ಕಡೆ ಅವಳು ಬರೆದದ್ದು: ಬೆಳಿಗ್ಗೆ ಎಂಟಕ್ಕೆ ಟ್ರಾಮ್ ಹಿಡಿಯೋ ಹಾಗಿಲ್ಲ, ಸ್ವಂತ ರೂಮು, ಇಷ್ಟದ ಓದು. ಹೋಗುವ ಕಡೆ: ಮೂರು ವರ್ಷ ಒಂದೇ ಬೆಂಚಿನ ಗೆಳತಿ, ಕ್ಯಾಂಟೀನ್ ಕಿಟಕಿ, ಅಮ್ಮನ ಡಬ್ಬಿ. ಜೂನ್‌ಗೆ ನಿಂತು ಹೋಗುವ 1250 ಕ್ರೋನರ್ ಸ್ಟುಡಿಯೆಬಿದ್ರಾಗನ್ನು ಸೇರಿಸಿದವನು ನಾನು. ಅದಕ್ಕೆ ನಕ್ಕಳು. ಕೊನೆಗೆ ಒಂದು ಸಾಲು ಬರೆದು ಸುಮ್ಮನಾದಳು. "ಎಲ್ಲಿಗೆ ಹೋಗ್ತೀನಿ ಅಂತಾನೇ ಗೊತ್ತಿಲ್ಲ."

ಇದು ನಿಜ. ಯೂನಿವರ್ಸಿಟಿಗೆ ಅರ್ಜಿ ಹಾಕುವ ಕೊನೆ ದಿನ ಏಪ್ರಿಲ್ 15. ಸೀಟು ಎಲ್ಲಿ ಅಂತ ಮೊದಲ ಉತ್ತರ ಬರುವುದು ಜುಲೈನಲ್ಲಿ. ಬೀಳ್ಕೊಡುಗೆ ಜೂನ್‌ನಲ್ಲಿ. ಅಂದರೆ ಲಾರಿ ಮೇಲೆ ಕುಣಿಯುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ತಾವು ಲುಂಡ್‌ಗೋ, ಉಮಿಯೋಗೋ, ಇದೇ ಗೋಥೆನ್‌ಬರ್ಗಿನಲ್ಲೋ ಅಂತ ಅವತ್ತು ಗೊತ್ತಿರುವುದಿಲ್ಲ. ಬಿಟ್ಟು ಹೋಗುವುದು ಗ್ಯಾರಂಟಿ, ಸೇರುವುದು ಬಾಕಿ. ನಮ್ಮಂಥ ಮನೆಗಳಲ್ಲಿ ಇನ್ನೊಂದು ಬಾಕಿಯೂ ಇರುತ್ತದೆ. ಅಪ್ಪನ ಕೆಲಸ, ಪರ್ಮಿಟ್, ಊರಿಗೆ ವಾಪಸ್ಸೋ ಇಲ್ಲೇನೋ ಅನ್ನುವುದು. ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಲೆಕ್ಕ ಇಟ್ಟಿರುತ್ತಾರೆ.

ಆ ಭಾನುವಾರ ಹಾಸನಕ್ಕೆ ವಿಡಿಯೋ ಕಾಲ್ ಮಾಡಿದಾಗ ಮಗಳು ಅಜ್ಜಿಗೇ ಕೇಳಿದಳು. ಕೊನೆಗೆ "ಸರಿ ಅಜ್ಜಿ, ಹೋಗ್ತೀನಿ" ಅಂದಳು. ನಮ್ಮಮ್ಮ ಎಂದಿನ ಹಾಗೇ ತಿದ್ದಿದರು: "ಹೋಗ್ತೀನಿ ಅನ್ಬಾರ್ದು ಪುಟ್ಟಿ, ಹೋಗಿ ಬರ್ತೀನಿ ಅನ್ನು."

ಮಗಳು ಫೋನ್ ಇಟ್ಟು ನನ್ನ ಮುಖ ನೋಡಿದಳು. "ಅಪ್ಪಾ, ಇದೇ."

ನಾನು ತಕರಾರು ಎತ್ತಿದೆ. "ಶಾಲೆಗೆ ನೀನು ವಾಪಸ್ ಬರಲ್ಲ ಅಲ್ವಾ ಮಗಳೇ, ಅದು ಸುಳ್ಳು ಎಂಟ್ರಿ ಆಗುತ್ತೆ." ಅವಳು ಹೇಳಿದ್ದು: "ಶಾಲೆಗೆ ಹೇಳ್ತಿಲ್ಲಪ್ಪಾ. ಬೋರ್ಡ್ ಹಿಡ್ಕೊಂಡಿರೋರಿಗೆ ಹೇಳ್ತಿದೀನಿ." ನಾನು ಸುಮ್ಮನಾದೆ. ನಮ್ಮಾಕೆ ಒಳಗೆ ಹೋಗಿ ಕುಕ್ಕರ್ ನೋಡಿ ಬಂದಳು, ಕುಕ್ಕರ್ ಇಟ್ಟೇ ಇರಲಿಲ್ಲ.

ಇನ್ನು ಕೆಲಸದ ವಿಷಯ, ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ನಾವು ನೋಡಿದ ಟೋಪಿ ಫಾರ್ಮಿನಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇರಲಿಲ್ಲ, ಅಲ್ಲಿ ಹೆಸರು ಮಾತ್ರ ಹಾಕಿಸಿ ಬಿಟ್ಟೆವು. ಪ್ಲಕಾಟ್ ಮುದ್ರಿಸುವ ಅಂಗಡಿಗೆ ಸಾಲನ್ನು ಮೇಲ್‌ನಲ್ಲಿ ಟೈಪ್ ಮಾಡಿ ಕಳಿಸಿದೆವು. ಅವರು ಕಳಿಸಿದ ಪ್ರೂಫ್‌ನಲ್ಲಿ "ಬರ್‌ತೀನಿ" ಅಂತ ಬಂತು. ಅರ್ಕಾವೊತ್ತು ಒಡೆದು ಹೋಗಿತ್ತು. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳು ನಮ್ಮ ಒತ್ತಕ್ಷರ ಜೋಡಿಸುವುದಿಲ್ಲ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಇಡುತ್ತವೆ. ಅಂಗಡಿಯವರಿಗೆ ಅದು ತಪ್ಪು ಅಂತ ಗೊತ್ತಾಗುವ ದಾರಿಯೇ ಇಲ್ಲ, ಅವರ ಕಣ್ಣಿಗೆ ಎರಡೂ ಚಿತ್ರವೇ.

ಪರಿಹಾರ ಸುಲಭ. ನಿಮ್ಮ ಕಂಪ್ಯೂಟರಿನಲ್ಲಿ ಒಳ್ಳೆಯ ಕನ್ನಡ ಫಾಂಟಿನಲ್ಲಿ ದೊಡ್ಡದಾಗಿ ಬರೆದು, ಫಾಂಟ್ ಒಳಗೇ ಸೇರುವ ಹಾಗೆ ಪಿಡಿಎಫ್ ಮಾಡಿ, ಇಲ್ಲವೇ ಚಿತ್ರವಾಗಿ ಉಳಿಸಿ ಕಳಿಸಿ. "ಇದನ್ನು ಮತ್ತೆ ಟೈಪ್ ಮಾಡಬೇಡಿ, ಚಿತ್ರವಾಗಿಯೇ ಇಡಿ" ಅಂತ ಬರೆಯಿರಿ. ಪ್ರೂಫ್ ಬಂದಾಗ ಮೂರು ಕಡೆ ಕಣ್ಣಿಡಿ: ಒತ್ತಕ್ಷರ ಕೆಳಗೆ ಕೂತಿದೆಯೇ, ಅರ್ಕಾವೊತ್ತು ಬಲಕ್ಕೆ ಸರಿಯಾಗಿ ನಿಂತಿದೆಯೇ, ದೀರ್ಘ ಬಿಟ್ಟುಹೋಗಿದೆಯೇ. ಚಿತ್ರ ಚಿಕ್ಕದಾದರೆ ಅಂಚು ಮಸುಕಾಗುತ್ತದೆ, ಅದಕ್ಕೇ ಪಿಡಿಎಫ್ ಉತ್ತಮ. ಜೂನ್ ಹತ್ತಿರ ಅಂಗಡಿಗಳಿಗೆ ಪುರುಸೊತ್ತಿರುವುದಿಲ್ಲ, ಮೇ ಮೊದಲ ವಾರದೊಳಗೆ ಮುಗಿಸಿ.

ಸ್ಟುಡೆಂಟೆನ್ ದಿನ ಬಾಗಿಲು ತೆರೆದಾಗ ಎಲ್ಲಾ ಟೋಪಿಗಳೂ ಒಂದೇ ಥರ ಕಂಡವು. ನಾನು ಬೋರ್ಡ್ ಎತ್ತಿ ಹಿಡಿದಿದ್ದೆ. ಅವಳು ಮೊದಲು ಫೋಟೋ ನೋಡಿದಳೋ ಸಾಲು ನೋಡಿದಳೋ ಗೊತ್ತಿಲ್ಲ, ನಗುತ್ತಾ ಓಡಿ ಬಂದು ಅಮ್ಮನ ಹೆಗಲ ಮೇಲೆ ಅತ್ತಳು. ಕೊರಳಿಗೆ ನೀಲಿ ಹಳದಿ ರಿಬ್ಬನ್ನಿನ ಹೂವು, ಗೊಂಬೆ ನೇತುಹಾಕುವಷ್ಟರಲ್ಲಿ ಲಾರಿ ಹಾರ್ನ್ ಮಾಡಿತು, ಓಡಿದಳು. ಪಕ್ಕದ ಸ್ವೀಡಿಷ್ ಅಜ್ಜಿಯೊಬ್ಬರು ಬೋರ್ಡ್ ತೋರಿಸಿ ಏನು ಬರೆದಿದೆ ಅಂತ ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ, ತಮ್ಮ ಮೊಮ್ಮಗನ ಬೋರ್ಡಿನ ಮೇಲೆ ಬರೀ ಹೆಸರೇ ಇದೆಯಲ್ಲಾ ಅಂದರು.

ಆ ಸಾಲು ನಮ್ಮದಷ್ಟೇ ಅಲ್ಲ, ನಿಮ್ಮ ಮನೆಯಲ್ಲೂ ದಿನಾ ಬಾಗಿಲಲ್ಲಿ ಹೇಳುವ ಮಾತು. ಬೇಕಿದ್ದರೆ ಬಳಸಿಕೊಳ್ಳಿ. ಆದರೆ ಮಗುವಿಗೆ ನೀವೇ ಬರೆದು ಕೊಡಬೇಡಿ. ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಅವರೇ ಎರಡು ಕಡೆ ಬರೆಯಲಿ, ಸಾಲು ತಾನಾಗಿ ಸಿಗುತ್ತದೆ. ಸಿಕ್ಕ ಮೇಲೆ ಪ್ರೂಫ್ ನೋಡುವ ಕೆಲಸ ಮಾತ್ರ ನಮ್ಮದು.