ಒಂದರಲ್ಲಿ ನಿಲ್ಲದ ಲೂಪ್

ಈ ವರ್ಷ ನಾನು ರೆಕಾರ್ಡ್ ಪುಸ್ತಕದಲ್ಲಿ ಒಂದು ಸುಳ್ಳು ಬರೆದಿದ್ದೆ. ಪ್ರೋಗ್ರಾಂ ಓಡಿಸದೆಯೇ ಅದರ ಔಟ್‌ಪುಟ್ ಬರೆದುಬಿಟ್ಟಿದ್ದೆ. ಸೊನ್ನೆಯಿಂದ ಶುರುಮಾಡಿ 0.1ರಂತೆ ಕೂಡುತ್ತಾ 1 ಬಂದಾಗ ನಿಲ್ಲುವ ಸಣ್ಣ ಪ್ರೋಗ್ರಾಂ ಅದು. ಹತ್ತು ಸಾಲು ಬರುತ್ತದೆ ಎಂಬುದು ಯಾರಿಗಾದರೂ ಗೊತ್ತಾಗುವ ವಿಷಯ ಅಂದುಕೊಂಡೆ. ಮೇಡಂ ಸಹಿಯನ್ನೂ ಹಾಕಿದರು.

```
float h = 0.1, x = 0;
while (x != 1.0)
{
    x = x + h;
    cout << x << endl;
}
```

ಪ್ರಾಕ್ಟಿಕಲ್ ಪರೀಕ್ಷೆಗೆ ತಯಾರಿ ಮಾಡುವಾಗ ಇದನ್ನು ಮೊದಲ ಸಲ ಓಡಿಸಿದೆ. ಪರದೆಯ ತುಂಬ ಸಂಖ್ಯೆಗಳು ಓಡತೊಡಗಿದವು, ನಿಲ್ಲಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಗೆಳೆಯನ ಪ್ರೋಗ್ರಾಂ ಮಾತ್ರ ಸರಿಯಾಗಿ ನಿಂತಿತು. ಅವನದು 0.5ರವರೆಗೆ, ನನ್ನದು 1ರವರೆಗೆ, ಅಷ್ಟೇ ವ್ಯತ್ಯಾಸ. "ಎಲ್ಲೋ ತಪ್ಪು ಟೈಪ್ ಮಾಡಿದ್ದೀಯ ಬಿಡೋ" ಎಂದ. ಅಕ್ಷರ ಅಕ್ಷರ ಹೋಲಿಸಿದೆವು, ತಪ್ಪೇನೂ ಇರಲಿಲ್ಲ. ಪ್ರತಿ ಸಾಲಿಗೂ ಒಂದು ಕೀ ಒತ್ತುವಂತೆ ಮಾಡಿ ನೋಡಿದರೆ 0.8, 0.9, 1, ಆಮೇಲೆ 1.1! ಪರದೆಯ ಮೇಲೆ 1 ಬಂದರೂ ಲೂಪ್ ಅದನ್ನು ದಾಟಿ ಹೋಗಿತ್ತು.

ಮೇಡಂ ಹತ್ತಿರ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ನಿನ್ನ ರೆಕಾರ್ಡ್‌ನಲ್ಲಿ ಆ ಪುಟ ಹೊಡೆದುಹಾಕು. ನಿಜವಾಗಿ ಬಂದದ್ದನ್ನು ಬರಿ. ಯಾಕೆ ಬಂತು ಅಂತಲೂ ಬರಿ. ಆಮೇಲೆ ಸಹಿ ಹಾಕ್ತೇನೆ" ಎಂದರು. ಹೀಗೆ ನಾನು ಎರಡು ಸಂಜೆ ಕೂತು ಬರೆದದ್ದು ಇದು.

ಮೊದಲು 0.1 ಅನ್ನು ದ್ವಿಮಾನಕ್ಕೆ ಬದಲಿಸಿದೆ. ಪ್ರಥಮ ಪಿಯುಸಿಯಲ್ಲೇ ಕಲಿತ ವಿಧಾನ: ಎರಡರಿಂದ ಗುಣಿಸಿ, ಪೂರ್ಣಾಂಕವನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ಮತ್ತೆ ಗುಣಿಸುವುದು. 0.1 ಎರಡರಿಂದ 0.2, ಬಿಟ್ 0. 0.4, ಬಿಟ್ 0. 0.8, ಬಿಟ್ 0. 1.6, ಬಿಟ್ 1, ಉಳಿದದ್ದು 0.6. ಅದು 1.2, ಬಿಟ್ 1, ಉಳಿದದ್ದು 0.2. ಅಲ್ಲಿಗೆ ಮತ್ತೆ 0.2ಕ್ಕೇ ಬಂದೆ! ಇನ್ನು ಎಷ್ಟು ಗುಣಿಸಿದರೂ 0011, 0011 ಎಂದು ಅದೇ ಸುತ್ತು. ಮೂರರಲ್ಲಿ ಒಂದನ್ನು ನಾವು 0.333 ಎಂದು ಬರೆದು ಮುಗಿಸಲಾಗದ ಹಾಗೆ, ಹತ್ತರಲ್ಲಿ ಒಂದನ್ನು ಕಂಪ್ಯೂಟರ್ ಬರೆದು ಮುಗಿಸಲಾರದು.

ಫ್ಲೋಟ್‌ಗೆ ಇರುವುದು 32 ಬಿಟ್ ಮಾತ್ರ. ಒಂದು ಬಿಟ್ ಚಿಹ್ನೆಗೆ, 8 ಬಿಟ್ ಘಾತಕ್ಕೆ, 23 ಬಿಟ್ ಮ್ಯಾಂಟಿಸಾಗೆ. ನಮ್ಮ ಸಂಖ್ಯೆ ಧನ ಸಂಖ್ಯೆ, ಹಾಗಾಗಿ ಚಿಹ್ನೆಯ ಬಿಟ್ 0. ಮುಂದೆ ಬಿಂದುವನ್ನು ಸರಿಸಿ ಮೊದಲ 1ರ ನಂತರ ಬರುವಂತೆ ಮಾಡಬೇಕು. 0.000110011... ಎಂಬುದರಲ್ಲಿ ಬಿಂದು ನಾಲ್ಕು ಸ್ಥಾನ ಬಲಕ್ಕೆ ಹೋದರೆ 1.10011001... ಆಗುತ್ತದೆ, ಘಾತ −4. ಋಣ ಘಾತಕ್ಕೆ ಬೇರೆ ಚಿಹ್ನೆ ಇಡುವ ಬದಲು ಪ್ರತಿ ಘಾತಕ್ಕೂ 127 ಕೂಡಿಸಿ ಇಡುತ್ತಾರೆ. −4ಕ್ಕೆ 127 ಕೂಡಿದರೆ 123, ದ್ವಿಮಾನದಲ್ಲಿ 01111011. ಬಿಂದುವಿನ ಹಿಂದಿನ 1 ಯಾವಾಗಲೂ 1 ಆಗಿರುವುದರಿಂದ ಅದನ್ನು ಬರೆದಿಡುವುದಿಲ್ಲ. ಬಿಂದುವಿನ ನಂತರದ 23 ಬಿಟ್‌ಗಳಷ್ಟೇ ಒಳಗೆ ಹೋಗುತ್ತವೆ.

ತೊಂದರೆ ಇರುವುದು ಇಲ್ಲೇ. 1001 ಎಂಬ ಗುಂಪನ್ನು ಐದು ಸಲ ಬರೆದರೆ 20 ಬಿಟ್ ಆಯಿತು. ಆರನೇ ಗುಂಪಿನಲ್ಲಿ 100 ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಹೊರಗೆ ಉಳಿದ ಬಾಲ 1 ರಿಂದ ಶುರುವಾಗುತ್ತದೆ, ಅದರ ಹಿಂದೆ ಇನ್ನೂ 1ಗಳಿವೆ. ಅಂದರೆ ಅದು ಅರ್ಧಕ್ಕಿಂತ ಹೆಚ್ಚು, ಮೇಲಕ್ಕೆ ಸರಿಹೊಂದಿಸಬೇಕು. ಕೊನೆಯ 100 ಈಗ 101 ಆಗುತ್ತದೆ.

```
0 01111011 10011001100110011001101
```

ಬರೆಯದೆ ಬಿಟ್ಟ 1 ಅನ್ನೂ ಸೇರಿಸಿ ಇದನ್ನು ಭಿನ್ನರಾಶಿಯಾಗಿ ಬರೆದರೆ 13421773/134217728. ಕೆಳಗಿನ ಸಂಖ್ಯೆ 2ರ ಘಾತ 27. ಇದನ್ನು ಹತ್ತರಿಂದ ಗುಣಿಸಿದರೆ ಮೇಲೆ 134217730, ಎರಡು ಹೆಚ್ಚು. ಮೇಲಕ್ಕೆ ಸರಿಹೊಂದಿಸದೆ 13421772 ಇಟ್ಟಿದ್ದರೆ 134217720, ಎಂಟು ಕಡಿಮೆ. ಎರಡರ ನಡುವೆ ಬೇರೆ ಫ್ಲೋಟ್ ಇಲ್ಲ. ನಿಖರವಾಗಿ ಹತ್ತರಲ್ಲಿ ಒಂದು ಆಗಬೇಕಾದರೆ ಮೇಲಿನ ಸಂಖ್ಯೆಯ ಹತ್ತರಷ್ಟು ಕೆಳಗಿನ ಸಂಖ್ಯೆಗೆ ಸಮನಾಗಬೇಕು, ಅಂದರೆ 2ರ ಯಾವುದೋ ಘಾತ ಸೊನ್ನೆಯಲ್ಲಿ ಕೊನೆಯಾಗಬೇಕು. ಆದರೆ 2, 4, 8, 16, 32 ಎಂದು ಎಷ್ಟು ದೂರ ಹೋದರೂ ಕೊನೆಯ ಅಂಕಿ 2, 4, 8, 6 ಇವುಗಳಲ್ಲೇ ಸುತ್ತುತ್ತದೆ. 23 ಬಿಟ್ ಅಲ್ಲ, 23 ಸಾವಿರ ಬಿಟ್ ಕೊಟ್ಟರೂ ಆಗದು ಎಂದು ನನಗೆ ಮನದಟ್ಟಾದದ್ದು ಇಲ್ಲಿ.

ಹಾಗಾದರೆ ಗೆಳೆಯನ ಲೂಪ್ ನಿಂತದ್ದು ಹೇಗೆ? 134217728ರಲ್ಲಿ ಒಂದನ್ನು ಒಂದು 'ಭಾಗ' ಎನ್ನೋಣ. ನಮ್ಮ h ಅಂದರೆ 13421773 ಭಾಗ. ಸಂಖ್ಯೆ ದೊಡ್ಡದಾದಂತೆ ಅಷ್ಟೇ ಬಿಟ್‌ಗಳು ಹೆಚ್ಚು ದೂರಕ್ಕೆ ಹಂಚಿಹೋಗುವುದರಿಂದ ಅಕ್ಕಪಕ್ಕದ ಫ್ಲೋಟ್‌ಗಳ ಅಂತರವೂ ಹೆಚ್ಚುತ್ತದೆ. 0.5 ದಾಟಿದ ಮೇಲೆ ಅಂತರ 8 ಭಾಗ, 1 ದಾಟಿದ ಮೇಲೆ 16 ಭಾಗ. ಐದನೇ ಕೂಡಿಕೆಯಲ್ಲಿ ಮೊತ್ತ 67108865 ಭಾಗ ಬರುತ್ತದೆ. ನಿಖರ ಅರ್ಧ ಎಂದರೆ 67108864. ಆ ಒಂದು ಭಾಗದ ಹೆಚ್ಚಳಕ್ಕೆ ಅಲ್ಲಿ ಜಾಗವಿಲ್ಲ, ಮೊತ್ತ ಸರಿಯಾಗಿ 0.5ಕ್ಕೇ ಇಳಿಯುತ್ತದೆ. ಗೆಳೆಯನ ಉತ್ತರ ಸರಿಯಾದದ್ದು ಒಂದು ತಪ್ಪು ಇನ್ನೊಂದನ್ನು ಅಳಿಸಿದ್ದರಿಂದ!

ನನ್ನ ಪಾಲಿಗೆ ಅದೃಷ್ಟ ಉಲ್ಟಾ ಆಯಿತು. ಅಲ್ಲಿಂದ ಮುಂದಿನ ನಾಲ್ಕು ಕೂಡಿಕೆಗಳಲ್ಲಿ ಮೊತ್ತ 8ರ ಗುಣಕಕ್ಕೆ ಸರಿಹೊಂದುವಾಗ ಪ್ರತಿ ಸಲವೂ 3 ಭಾಗ ಮೇಲೇರುತ್ತದೆ. ಹತ್ತನೇ ಸಲ ಮೊತ್ತ 134217741, ಒಂದಕ್ಕಿಂತ 13 ಭಾಗ ಹೆಚ್ಚು. ಅಲ್ಲಿ ಸಿಗುವ ಜಾಗ 0 ಅಥವಾ 16. ಹತ್ತಿರದ್ದು 16. x ಈಗ 1.000000119. cout ಸಾಮಾನ್ಯವಾಗಿ ಆರು ಅಂಕಿಯಷ್ಟೇ ತೋರಿಸುವುದರಿಂದ ಪರದೆಯಲ್ಲಿ 1 ಎಂದು ಕಾಣುತ್ತದೆ. ಹೋಲಿಕೆ ನಡೆಯುವುದು ಮಾತ್ರ ಒಳಗಿನ ಬಿಟ್‌ಗಳ ಮೇಲೆ. setprecision(10) ಹಾಕಿ ಓಡಿಸಿದೆ, ಕಾಗದದಲ್ಲಿ ಬಂದ ಸಂಖ್ಯೆಯೇ ಪರದೆಯಲ್ಲೂ ಬಂತು. ಆ ಕ್ಷಣ ಆದ ಖುಷಿ ಹೇಳಲಾರೆ.

ಪ್ರೋಗ್ರಾಂ ಸರಿಪಡಿಸುವುದು ಸುಲಭವಾಗಿತ್ತು. ಎಷ್ಟು ಸಲ ಕೂಡಬೇಕು ಎಂಬ ಲೆಕ್ಕವನ್ನು int ಇಟ್ಟುಕೊಳ್ಳಬೇಕು, ಫ್ಲೋಟ್ ಅಲ್ಲ. i ಎಂಬುದನ್ನು 1ರಿಂದ 10ರವರೆಗೆ ಓಡಿಸಿ i/10.0 ಮುದ್ರಿಸಿದರೆ ಹತ್ತೇ ಸಾಲು. ಡಬಲ್ ಬಳಸಿದರೆ ವ್ಯತ್ಯಾಸ ಚಿಕ್ಕದಾಗುತ್ತದೆ, ಇಲ್ಲವಾಗುವುದಿಲ್ಲ.

ರೆಕಾರ್ಡ್‌ನ ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು ಹೊಸದನ್ನು ಬರೆದೆ. ಮೇಡಂ ಪೂರ್ತಿ ಓದಿದರು, 13 ಮತ್ತು 16ರ ಲೆಕ್ಕವನ್ನು ಪೆನ್ಸಿಲಿನಲ್ಲಿ ತಾವೂ ಒಮ್ಮೆ ಮಾಡಿ ನೋಡಿ ಸಹಿ ಹಾಕಿದರು. ಆ ಪೆನ್ಸಿಲ್ ಗುರುತನ್ನು ನಾನು ಅಳಿಸಿಲ್ಲ.