ದೊಡ್ಡ ಪರ್ಸೆಂಟಿಗೆ ಹೆದರಿ ಸಣ್ಣದನ್ನು ಬಿಡಬೇಡಿ

ನಮ್ಮ ಲಾಯಿಲದ ಕಡೆ ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಈಗ ವಿಟಮಿನ್ ಮಾತ್ರೆಯ ಡಬ್ಬಿಯೂ ಇರುತ್ತದೆ. ಅಂಥ ಒಂದು ಡಬ್ಬಿ ಹಿಡಿದುಕೊಂಡು ನೆರೆಮನೆಯ ಅಕ್ಕ ಕೇಳಿದರು: "ಇದರಲ್ಲಿ ಬಿ2 1923 ಪರ್ಸೆಂಟ್ ಅಂತ ಉಂಟಲ್ಲ, ಏನೂ ಆಗುವುದಿಲ್ವಾ ಮಾರಾಯ್ರೆ?"

ಈ ಪರ್ಸೆಂಟ್ ಹೇಳುವುದು ಒಂದೇ ಸಂಗತಿ: ಒಂದು ದಿನಕ್ಕೆ ಬೇಕಾದದ್ದರ ಎಷ್ಟು ಪಾಲು ಈ ಮಾತ್ರೆಯಲ್ಲಿದೆ ಎಂದು. ಅಮೆರಿಕದ ಲೇಬಲ್ ಲೆಕ್ಕದಲ್ಲಿ ದಿನಕ್ಕೆ ಬಿ2 ಬೇಕಾದದ್ದು 1.3 ಮಿಲಿಗ್ರಾಂ. ಮಾತ್ರೆಯಲ್ಲಿ 25 ಇದೆ. ಹಾಗಾಗಿ 1923. ಎಷ್ಟಾದರೆ ಅಪಾಯ ಎಂಬುದನ್ನು ಈ ಅಂಕೆ ಹೇಳುವುದಿಲ್ಲ.

ಬಿ2 ನೀರಿನಲ್ಲಿ ಕರಗುವ ವಿಟಮಿನ್. ಹೆಚ್ಚಾದದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ. ಮಾತ್ರೆ ತಿಂದ ಮೇಲೆ ಮೂತ್ರ ಕಡು ಹಳದಿಯಾಗುವುದು ಇದರಿಂದಲೇ. ದುಡ್ಡು ಹೋಗುತ್ತದೆ, ಅಷ್ಟೆ.

ಅದೇ ಡಬ್ಬಿಯಲ್ಲಿ ವಿಟಮಿನ್ ಎ ಎದುರು ಇದ್ದದ್ದು ಬರೀ 167 ಪರ್ಸೆಂಟ್, ಅಂದರೆ 1500 ಮೈಕ್ರೋಗ್ರಾಂ. ನಿಜವಾಗಿ ನೋಡಬೇಕಾದದ್ದು ಇದನ್ನು. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಎ ಮೂತ್ರದಲ್ಲಿ ಸುಲಭವಾಗಿ ಹೋಗದೆ ಲಿವರಿನಲ್ಲಿ ಶೇಖರವಾಗುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಮಕ್ಕಳಿಗೆ ಹಾಕಿಸುವ ವಿಟಮಿನ್ ಎ ದ್ರಾವಣ. ಒಂಬತ್ತು ತಿಂಗಳಿಗೆ ಮೊದಲ ಡೋಸ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಒಮ್ಮೆ ಕೊಟ್ಟದ್ದನ್ನು ಲಿವರ್ ಇಟ್ಟುಕೊಂಡು ತಿಂಗಳುಗಟ್ಟಲೆ ಬಳಸುತ್ತದೆ. ಬಿ2ವನ್ನು ಹಾಗೆ ಕೊಡಲಿಕ್ಕೆ ಆಗುವುದಿಲ್ಲ.

ಉಳಿಸಿಡುವ ಈ ಗುಣವೇ ದಿನಾ ತಿನ್ನುವವರಿಗೆ ತೊಂದರೆ. ರೆಟಿನಾಲ್ ರೂಪದ ಎ ದೊಡ್ಡವರಿಗೆ ದಿನಕ್ಕೆ 3000 ಮೈಕ್ರೋಗ್ರಾಂ ದಾಟಬಾರದು. ಸುಸ್ತು ಎಂದು ಆ ಮಾತ್ರೆ ಎರಡು ತಿಂದರೆ ಅಲ್ಲಿಗೆ ಮಿತಿ ಮುಟ್ಟಿತು. ಜೊತೆಗೆ ಮೀನೆಣ್ಣೆ ಎಂದು ಕಾಡ್ ಲಿವರ್ ಎಣ್ಣೆಯ ಗುಳಿಗೆಯನ್ನೂ ತಿಂದರೆ ದಾಟಿತು, ಏಕೆಂದರೆ ಅದರಲ್ಲೂ ಎ ಇರುತ್ತದೆ. ತಿಂಗಳುಗಟ್ಟಲೆ ಅತಿಯಾದರೆ ತಲೆನೋವು, ತುಟಿ ಒಡೆಯುವುದು, ಚರ್ಮ ಒಣಗುವುದು, ಕೂದಲು ಉದುರುವುದು. ಕೊನೆಗೆ ಲಿವರಿಗೇ ಪೆಟ್ಟು. ಬಸುರಿಯರಲ್ಲಿ ಹೊಟ್ಟೆಯ ಮಗುವಿನ ಅಂಗಗಳಿಗೇ ದೋಷ ಬರಬಹುದು. ನುಗ್ಗೆಸೊಪ್ಪು, ಪಪ್ಪಾಯಿ ತಿಂದರೆ ಈ ಭಯವಿಲ್ಲ. ಅವುಗಳಲ್ಲಿರುವ ಕ್ಯಾರೊಟಿನ್‌ನಿಂದ ದೇಹ ಬೇಕಾದಷ್ಟು ಎ ಮಾತ್ರ ಮಾಡಿಕೊಳ್ಳುತ್ತದೆ.

ಡಿ ಕೂಡ ಹೀಗೆಯೇ. ಡಾಕ್ಟರು ವಾರಕ್ಕೊಂದು ಬರೆದುಕೊಡುವ 60,000 ಯೂನಿಟ್ ಗುಳಿಗೆಯಲ್ಲಿ, ದಿನಕ್ಕೆ 600ರ ಲೆಕ್ಕದಲ್ಲಿ, ನೂರು ದಿನದ್ದಿರುತ್ತದೆ. ಅದನ್ನು ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ವಾಂತಿ, ಮಲಬದ್ಧತೆ ಶುರುವಾಗಿ ಕಿಡ್ನಿ ಕೆಡುತ್ತದೆ. ನಿಲ್ಲಿಸಿದರೂ ಮೈಯಲ್ಲಿರುವುದು ಇಳಿಯಲು ವಾರಗಟ್ಟಲೆ ಬೇಕು.

ನೀರಿನಲ್ಲಿ ಕರಗುವುದೆಲ್ಲ ನಿರಪಾಯ ಎಂದೂ ಅಲ್ಲ. ಬಿ6 ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದವರಿಗೆ ಕಾಲು ಜೋಮು ಹಿಡಿಯುತ್ತದೆ, ನರಕ್ಕೆ ಹಾನಿಯಾಗುತ್ತದೆ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಮೊದಲು ಎ, ಡಿ, ಬಿ6 ಸಾಲು ಓದಿ. ಮನೆಯಲ್ಲಿ ಬೇರೆ ಮಾತ್ರೆ, ಟಾನಿಕ್ ಇದ್ದರೆ ಅದರಲ್ಲಿರುವ ಎ, ಡಿ, ಬಿ6 ಕೂಡಿಸಿ ನೋಡಿ. ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಗಳನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.